ನಿದ್ದೆ ಮಾತ್ರೆ ಸೊಂಟ ಹಿಡಿತಕ್ಕೆ ಯಾಕೆ ಆಗುವುದಿಲ್ಲ?

ಸೊಂಟ ಹಿಡಿದುಕೊಂಡು ನೆಟ್ಟಗೆ ನಿಲ್ಲಲಾರದೆ ಬಂದವರಿಗೆ ವೈದ್ಯರು ಕೆಲವೊಮ್ಮೆ ನಾಲ್ಕೈದು ದಿನಕ್ಕೆ ಡಯಾಜೆಪಾಮ್ ಬರೆದುಕೊಡುತ್ತಾರೆ. ಧನುರ್ವಾಯು ಬಂದು ದವಡೆ ಕಚ್ಚಿಕೊಂಡವರಿಗೂ ಆಸ್ಪತ್ರೆಯಲ್ಲಿ ಅದೇ ಔಷಧಿಯನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಎದೆ ಡವಡವ ಎಂದು ವಿಮಾನ ಹತ್ತಲು ಹೆದರುವವರಿಗೆ ಆಲ್ಪ್ರಾಜೋಲಾಮ್. ರಾತ್ರಿ ಎರಡು ಗಂಟೆಯಾದರೂ ಕಣ್ಣು ಮುಚ್ಚದವರಿಗೆ ಜೋಲ್ಪಿಡೆಮ್. ಈ ಮೂರೂ ಮಾತ್ರೆಗಳು ಮಿದುಳಿನಲ್ಲಿ ಹೋಗಿ ಕೂರುವ ಜಾಗ ಒಂದೇ. ಮೂರರಲ್ಲಿ ಯಾವುದನ್ನು ಮಿತಿಮೀರಿ ನುಂಗಿದ್ದರೂ ಫ್ಲುಮಾಜೆನಿಲ್ ಎಂಬ ಒಂದೇ ಚುಚ್ಚುಮದ್ದು ಅದನ್ನು ಆ ಜಾಗದಿಂದ ಎಬ್ಬಿಸಿ ಕಳಿಸಬಲ್ಲದು. ಹಾಗಿದ್ದೂ ಸೊಂಟ ಹಿಡಿತಕ್ಕೆ ಜೋಲ್ಪಿಡೆಮ್ ಬರೆಯುವ ವೈದ್ಯರನ್ನು ನೀವು ಕಂಡಿರಲಾರಿರಿ.

ಇದಕ್ಕೆ ಕಾರಣ ಹುಡುಕುತ್ತಾ ಹೋದರೆ ಒಂದು ಅಮೈನೋ ಆಮ್ಲಕ್ಕೆ ಬಂದು ನಿಲ್ಲುತ್ತೇವೆ. ಆ ಅಮೈನೋ ಆಮ್ಲದ ಕಥೆ ಚೆನ್ನಾಗಿದೆ. ಅದನ್ನು ಅತಿಯಾಗಿ ನಂಬಿದವರು ಎಡವಿದ್ದೂ ಉಂಟು.

ಮೊದಲು ಆ ಜಾಗ ಯಾವುದು ನೋಡೋಣ. ಮಿದುಳಿನ ನರಕೋಶಗಳು ಒಂದನ್ನೊಂದು ಸುಮ್ಮನಾಗಿಸಲು ಬಳಸುವ ಮುಖ್ಯ ರಾಸಾಯನಿಕ ಗಾಬಾ. ಒಂದು ಕೋಶ ಗಾಬಾವನ್ನು ಹೊರಬಿಟ್ಟರೆ ಪಕ್ಕದ ಕೋಶದ ಪೊರೆಯಲ್ಲಿರುವ ರಿಸೆಪ್ಟರ್ ಅದನ್ನು ಹಿಡಿದುಕೊಳ್ಳುತ್ತದೆ. ಹಿಡಿದ ಕೂಡಲೇ ರಿಸೆಪ್ಟರ್ ನಡುವಿನ ತೂತು ತೆರೆದುಕೊಳ್ಳುತ್ತದೆ, ಕ್ಲೋರೈಡ್ ಅಯಾನುಗಳು ಒಳನುಗ್ಗುತ್ತವೆ, ಆ ಕೋಶ ಸ್ವಲ್ಪ ಹೊತ್ತು ಕೆರಳದೆ ಇರುತ್ತದೆ. ಈ ರಿಸೆಪ್ಟರಿಗೆ ಗಾಬಾ-ಎ ಎಂದು ಹೆಸರು. ಐದು ಪ್ರೋಟೀನ್ ತುಂಡುಗಳು ವೃತ್ತಾಕಾರದಲ್ಲಿ ನಿಂತು ನಡುವೆ ಆ ತೂತನ್ನು ಬಿಟ್ಟುಕೊಂಡಿರುತ್ತವೆ. ಸಾಮಾನ್ಯವಾಗಿ ಎರಡು ಆಲ್ಫಾ, ಎರಡು ಬೀಟಾ, ಒಂದು ಗಾಮಾ. ಗಾಬಾ ಕೂರುವುದು ಬೀಟಾ ಮತ್ತು ಆಲ್ಫಾ ಸೇರುವ ಸಂದಿನಲ್ಲಿ. ನಮ್ಮ ಮಾತ್ರೆಗಳು ಕೂರುವುದು ಆಲ್ಫಾ ಮತ್ತು ಗಾಮಾ ಸೇರುವ ಇನ್ನೊಂದು ಸಂದಿನಲ್ಲಿ. ಹೀಗೆ ಪಕ್ಕದಲ್ಲಿ ಕೂತ ಮಾತ್ರೆ ತಾನಾಗಿ ತೂತನ್ನು ತೆರೆಯುವುದಿಲ್ಲ. ಗಾಬಾ ಬಂದಾಗ ತೂತು ಹೆಚ್ಚು ಸಲ ತೆರೆಯುವಂತೆ ಮಾಡುತ್ತದೆ, ಅಷ್ಟೇ. ಹಳೆಯ ಬಾರ್ಬಿಟುರೇಟ್ ಮಾತ್ರೆಗಳು ಹೆಚ್ಚಿನ ಪ್ರಮಾಣದಲ್ಲಿ ಗಾಬಾ ಇಲ್ಲದೆಯೂ ತೂತನ್ನು ತೆರೆದು ಉಸಿರನ್ನೇ ನಿಲ್ಲಿಸಿಬಿಡುತ್ತಿದ್ದವು. 1960ರಲ್ಲಿ ಲಿಬ್ರಿಯಮ್, 1963ರಲ್ಲಿ ವ್ಯಾಲಿಯಮ್ ಅಂದರೆ ಡಯಾಜೆಪಾಮ್ ಮಾರುಕಟ್ಟೆಗೆ ಬಂದಾಗ ವೈದ್ಯರು ನಿಟ್ಟುಸಿರು ಬಿಟ್ಟದ್ದು ಈ ಕಾರಣಕ್ಕೆ. ಆಗ ಈ ಔಷಧಿ ಹೇಗೆ ಕೆಲಸ ಮಾಡುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅದು ಅಂಟಿಕೊಳ್ಳುವ ಜಾಗ ಮಿದುಳಿನಲ್ಲಿ ಇದೆ ಎನ್ನುವುದೇ ತಿಳಿದದ್ದು 1977ರಲ್ಲಿ.

ಆಲ್ಫಾ ತುಂಡಿನಲ್ಲಿ ಆರು ಬಗೆ. ಒಂದೊಂದು ಬಗೆಗೂ ಅದರದೇ ನೆಲೆ. ಆಲ್ಫಾ-1 ಎಲ್ಲಕ್ಕಿಂತ ಹೆಚ್ಚು, ಗಾಬಾ-ಎ ರಿಸೆಪ್ಟರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಅದಿದೆ. ಮಿದುಳಿನ ಹೊರಪದರ, ಥಾಲಮಸ್, ಸಮತೋಲ ಕಾಯುವ ಕಿರುಮಿದುಳು, ಎಲ್ಲೆಲ್ಲೂ ಅದೇ. ಆಲ್ಫಾ-2 ಇರುವುದು ಭಯವನ್ನು ಸಂಭಾಳಿಸುವ ಅಮಿಗ್ಡಲಾ, ಹಿಪ್ಪೊಕ್ಯಾಂಪಸ್ ಮತ್ತು ಬೆನ್ನುಹುರಿಯಲ್ಲಿ. ಆಲ್ಫಾ-5ರ ಪಾಲು ತೀರಾ ಕಡಿಮೆ, ಅದರ ಬಹುಪಾಲು ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್ಸಿನಲ್ಲಿ. ಆಲ್ಫಾ-4 ಮತ್ತು ಆಲ್ಫಾ-6 ಇರುವ ರಿಸೆಪ್ಟರುಗಳಿಗೆ ಡಯಾಜೆಪಾಮ್ ಅಂಟುವುದೇ ಇಲ್ಲ.

ಯಾಕೆ ಅಂಟುವುದಿಲ್ಲ ಎಂಬ ಪ್ರಶ್ನೆಯಿಂದಲೇ ಎಲ್ಲ ಶುರುವಾದದ್ದು. 1992ರಲ್ಲಿ ಪೀಟರ್ ಸೀಬುರ್ಗ್ ಅವರ ತಂಡ ಡಯಾಜೆಪಾಮ್ ಒಪ್ಪುವ ಆಲ್ಫಾಗಳನ್ನೂ ಒಪ್ಪದ ಆಲ್ಫಾಗಳನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿತು. ಮಾತ್ರೆ ಕೂರುವ ಜಾಗದಲ್ಲಿ ಒಪ್ಪುವ ನಾಲ್ಕರಲ್ಲಿ, ಅಂದರೆ 1, 2, 3, 5ರಲ್ಲಿ, ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವಿತ್ತು. ಒಪ್ಪದ ಎರಡರಲ್ಲಿ ಅದೇ ಜಾಗದಲ್ಲಿ ಆರ್ಜಿನಿನ್ ಇತ್ತು. ಹಿಸ್ಟಿಡಿನ್ ತೆಗೆದು ಆರ್ಜಿನಿನ್ ಇಟ್ಟರೆ ಡಯಾಜೆಪಾಮ್ ಕೂರಲು ಜಾಗ ಸಿಗುವುದಿಲ್ಲ, ಆದರೆ ಗಾಬಾ ಮಾತ್ರ ಮೊದಲಿನಂತೆಯೇ ಬಂದು ಹೋಗುತ್ತದೆ. ನೂರಾರು ಅಮೈನೋ ಆಮ್ಲಗಳ ಸರಪಣಿಯಲ್ಲಿ ಬದಲಾದದ್ದು ಒಂದೇ ಒಂದು.

ಜ್ಯೂರಿಚ್ ವಿಶ್ವವಿದ್ಯಾಲಯದ ಹಾನ್ಸ್ ಮ್ಯೋಲರ್ ಮತ್ತು ಊವೆ ರುಡಾಲ್ಫ್ ಇದನ್ನು ಹಿಡಿದು ಮುಂದಿನ ಹೆಜ್ಜೆ ಇಟ್ಟರು. ಇಲಿಯ ಆಲ್ಫಾ-1ರ 101ನೇ ಜಾಗದ ಹಿಸ್ಟಿಡಿನನ್ನು ಆರ್ಜಿನಿನ್ ಆಗಿ ಬದಲಿಸಿ, ಅಂಥ ಇಲಿಗಳ ಒಂದು ವಂಶವನ್ನೇ ಬೆಳೆಸಿದರು. ಈ ಇಲಿಗಳಲ್ಲಿ ಆಲ್ಫಾ-1 ಇದೆ, ಕೆಲಸವೂ ಮಾಡುತ್ತದೆ, ಡಯಾಜೆಪಾಮಿಗೆ ಮಾತ್ರ ಕಿವುಡು. ಮಿಕ್ಕ ಮೂರು ಆಲ್ಫಾಗಳು ಎಂದಿನಂತೆ. ಈ ಇಲಿಗೆ ಡಯಾಜೆಪಾಮ್ ಕೊಟ್ಟಾಗ ಯಾವ ಪರಿಣಾಮ ಕಾಣೆಯಾಗುತ್ತದೋ ಅದು ಆಲ್ಫಾ-1ರ ಕೆಲಸ, ಯಾವುದು ಉಳಿಯುತ್ತದೋ ಅದು ಬೇರೆ ಆಲ್ಫಾದ ಕೆಲಸ. ವಂಶವಾಹಿಯನ್ನು ಪೂರ್ತಿ ಕಿತ್ತುಹಾಕುವ ಪ್ರಯೋಗಗಳಿಗಿಂತ ಇದು ಎಷ್ಟೋ ಸೂಕ್ಷ್ಮ. ಕಿತ್ತುಹಾಕಿದರೆ ಇಲಿಯ ಮಿದುಳೇ ಬೇರೆ ದಾರಿ ಹಿಡಿದು ಬೆಳೆಯುತ್ತದೆ, ಆಮೇಲೆ ಕಂಡದ್ದರಲ್ಲಿ ಔಷಧಿಯದ್ದೆಷ್ಟು, ಮಿದುಳು ಹೊಂದಿಕೊಂಡದ್ದೆಷ್ಟು ಎಂದು ಬಿಡಿಸಲಾಗದು.

ಇಲಿ ಮಂಪರಾಗಿದೆಯೇ ಎಂದು ತಿಳಿಯುವುದು ಸುಲಭ. ಪಂಜರದಲ್ಲಿ ಅದು ಓಡಾಡುವಾಗ ಬೆಳಕಿನ ಕಿರಣಗಳನ್ನು ಎಷ್ಟು ಸಲ ಕಡಿಯುತ್ತದೆಂದು ಯಂತ್ರ ಎಣಿಸುತ್ತದೆ. ಸಾಮಾನ್ಯ ಇಲಿಗಳಲ್ಲಿ ಡಯಾಜೆಪಾಮ್ ಹೆಚ್ಚಿಸಿದಂತೆ ಎಣಿಕೆ ಇಳಿಯಿತು. ಬದಲಾದ ಇಲಿಗಳಲ್ಲಿ ಇಳಿಯಲಿಲ್ಲ. ಭಯದ ಪರೀಕ್ಷೆ ಬೇರೆ. ಅರ್ಧ ಬೆಳಕು, ಅರ್ಧ ಕತ್ತಲೆ ಇರುವ ಪೆಟ್ಟಿಗೆಯಲ್ಲಿ ಇಲಿ ಸಾಮಾನ್ಯವಾಗಿ ಕತ್ತಲೆಗೆ ಹೋಗಿ ಕೂರುತ್ತದೆ. ಡಯಾಜೆಪಾಮ್ ಕೊಟ್ಟರೆ ಧೈರ್ಯ ಬಂದು ಬೆಳಕಿನ ಕಡೆ ಹೆಚ್ಚು ಹೊತ್ತು ಕಳೆಯುತ್ತದೆ. ಬದಲಾದ ಇಲಿಗಳಲ್ಲೂ ಆ ಧೈರ್ಯ ಹಾಗೇ ಬಂತು. ಸ್ನಾಯುವಿನ ಪರೀಕ್ಷೆ ನೋಡಲು ಸ್ವಲ್ಪ ತಮಾಷೆಯಾದದ್ದು. ಅಡ್ಡವಾಗಿ ಕಟ್ಟಿದ ತಂತಿಯನ್ನು ಇಲಿಯ ಮುಂಗಾಲಿಗೆ ಹಿಡಿಸಿ ಬಿಡುತ್ತಾರೆ. ಗಟ್ಟಿಮುಟ್ಟಾದ ಇಲಿ ಹಿಂಗಾಲನ್ನೂ ಎತ್ತಿ ತಂತಿಗೆ ತಗುಲಿಸಿಕೊಳ್ಳುತ್ತದೆ, ಸ್ನಾಯು ಸಡಿಲವಾದ ಇಲಿಗೆ ಅದು ಸಾಧ್ಯವಾಗದು. ಈ ಪರೀಕ್ಷೆಯಲ್ಲಿ ಎರಡೂ ಬಗೆಯ ಇಲಿಗಳು ಒಂದೇ ರೀತಿ ಸೋತವು. ಅಂದರೆ ಮಂಪರು ಆಲ್ಫಾ-1ರದ್ದು. ಧೈರ್ಯವೂ ಸ್ನಾಯುಗಳ ಸಡಿಲಿಕೆಯೂ ಬೇರೆಲ್ಲಿಂದಲೋ ಬರುತ್ತಿವೆ. 1999ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮರುವರ್ಷವೇ ಇಂಗ್ಲೆಂಡಿನಲ್ಲಿದ್ದ ಮೆರ್ಕ್ ಕಂಪನಿಯ ಪ್ರಯೋಗಾಲಯವೂ ಇಂಥದೇ ಇಲಿಗಳನ್ನು ಬೆಳೆಸಿ ಮಂಪರು ಆಲ್ಫಾ-1ರದ್ದೇ ಎಂದಿತು.

2000ದಲ್ಲೇ ಜ್ಯೂರಿಚ್‌ನವರು ಆಲ್ಫಾ-2ರಲ್ಲಿ ಅದೇ ಬದಲಾವಣೆ ಮಾಡಿದರು. ಈ ಸಲ ಇಲಿಗಳು ಡಯಾಜೆಪಾಮ್ ಪಡೆದು ಮಂಪರಾದವು, ಆದರೆ ಧೈರ್ಯ ಬರಲಿಲ್ಲ. ಬೆಳಕಿನ ಕಡೆ ತಲೆ ಹಾಕಲೇ ಇಲ್ಲ. ತಂತಿ ಪರೀಕ್ಷೆಯಲ್ಲೂ ಸ್ನಾಯು ಸಡಿಲವಾಗುವುದು ಬಹುಪಾಲು ನಿಂತುಹೋಗಿತ್ತು. ಸ್ನಾಯು ಸಡಿಲಿಕೆಯಲ್ಲಿ ಆಲ್ಫಾ-3 ಮತ್ತು ಆಲ್ಫಾ-5ಕ್ಕೂ ಪಾಲಿದೆಯೆಂದು ಮುಂದಿನ ಒಂದೆರಡು ವರ್ಷಗಳಲ್ಲಿ ಗೊತ್ತಾಯಿತು.

ಇಲ್ಲಿ ಒಂದು ತಪ್ಪು ಕಲ್ಪನೆ ತುಂಬ ಜನರಲ್ಲಿದೆ. ಡಯಾಜೆಪಾಮ್ ಸ್ನಾಯುವನ್ನು ಮುಟ್ಟುವುದಿಲ್ಲ. ಸೊಂಟದ ಸ್ನಾಯುವಿನಲ್ಲಿ ಅದಕ್ಕೆ ಏನೂ ಕೆಲಸವಿಲ್ಲ. ಸ್ನಾಯುವಿಗೆ ಬಿಗಿಯಾಗು ಎಂದು ಆಜ್ಞೆ ಕೊಡುವ ನರಕೋಶಗಳು ಬೆನ್ನುಹುರಿಯಲ್ಲಿವೆ. ಅವುಗಳ ಮೇಲಿರುವ ಗಾಬಾ ರಿಸೆಪ್ಟರುಗಳಲ್ಲಿ ಆಲ್ಫಾ-2 ಹೇರಳ. ಡಯಾಜೆಪಾಮ್ ಅಲ್ಲಿ ಗಾಬಾದ ದನಿಯನ್ನು ಏರಿಸುತ್ತದೆ, ಆಜ್ಞೆ ಕ್ಷೀಣವಾಗುತ್ತದೆ, ಸ್ನಾಯು ಸಡಿಲವಾಗುತ್ತದೆ. ಧನುರ್ವಾಯುವಿನಲ್ಲಿ ಕ್ರಿಮಿಯ ವಿಷ ಗಾಬಾ ಮತ್ತು ಗ್ಲೈಸಿನ್ ಬಿಡುಗಡೆಯನ್ನೇ ತಡೆಯುತ್ತದೆ, ಅದರಿಂದ ಸ್ನಾಯುಗಳಿಗೆ ಆಜ್ಞೆಗಳು ತಡೆಯಿಲ್ಲದೆ ಹರಿಯುತ್ತವೆ. ಅಲ್ಪಸ್ವಲ್ಪ ಉಳಿದ ಗಾಬಾದಿಂದಲೇ ಹೆಚ್ಚು ಕೆಲಸ ಮಾಡಿಸಿಕೊಳ್ಳಲು ಡಯಾಜೆಪಾಮ್ ಬೇಕಾಗುತ್ತದೆ.

ಈಗ ಜೋಲ್ಪಿಡೆಮ್ ಕಡೆ ಬರೋಣ. ಇದು ಡಯಾಜೆಪಾಮ್ ಅಣುವಿನ ಅಚ್ಚಿನದ್ದಲ್ಲ, ಅಣುವಿನ ರಚನೆಯೇ ಬೇರೆ. ಆದರೂ ಹೋಗಿ ಕೂರುವುದು ಅದೇ ಸಂದಿನಲ್ಲಿ. 1980ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, 1992ರ ಕೊನೆಯಲ್ಲಿ ಅಮೆರಿಕದ ಔಷಧ ಇಲಾಖೆಯ ಅನುಮತಿ ಪಡೆಯಿತು. ಹೆಸರು ಜೆಡ್‌ನಿಂದ ಶುರುವಾಗುವುದರಿಂದ ಜೋಲ್ಪಿಡೆಮ್, ಜಾಲೆಪ್ಲಾನ್, ಜೋಪಿಕ್ಲೋನ್ ಮೂರನ್ನೂ ಸೇರಿಸಿ ಜೆಡ್ ಔಷಧಿಗಳೆನ್ನುತ್ತಾರೆ.

ಒಂದು ಔಷಧಿ ಒಂದು ರಿಸೆಪ್ಟರಿಗೆ ಎಷ್ಟು ಬಿಗಿಯಾಗಿ ಅಂಟುತ್ತದೆಂದು ಅಳೆಯಲು, ಅರ್ಧದಷ್ಟು ಜಾಗಗಳು ತುಂಬಲು ಎಷ್ಟು ಸಾಂದ್ರತೆ ಬೇಕು ಎಂಬ ಸಂಖ್ಯೆಯನ್ನು ನೋಡುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ಅಂಟು ಹೆಚ್ಚು. ಡಯಾಜೆಪಾಮಿಗೆ ನಾಲ್ಕು ಆಲ್ಫಾಗಳಲ್ಲೂ ಈ ಸಂಖ್ಯೆ ಹೆಚ್ಚುಕಡಿಮೆ 10ರಿಂದ 20 ನ್ಯಾನೊಮೋಲಾರ್ ಆಸುಪಾಸು. ಅದಕ್ಕೆ ಯಾರ ಮೇಲೂ ವಿಶೇಷ ಪ್ರೀತಿಯಿಲ್ಲ. ಜೋಲ್ಪಿಡೆಮಿಗೆ ಆಲ್ಫಾ-1ರಲ್ಲಿ ಸುಮಾರು 20, ಆಲ್ಫಾ-2 ಮತ್ತು 3ರಲ್ಲಿ ಸುಮಾರು 400, ಆಲ್ಫಾ-5ರಲ್ಲಿ ಹಲವು ಸಾವಿರ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಂಕಿಗಳು ಸ್ವಲ್ಪ ಏರುಪೇರಾಗುತ್ತವೆ, ಆದರೆ ಇಪ್ಪತ್ತು ಪಟ್ಟು ಎನ್ನುವ ಅಂದಾಜು ಸರಿಯಾಗಿದೆ. ಈ ವ್ಯತ್ಯಾಸದ ಒಂದು ಕಾರಣವೂ ಪತ್ತೆಯಾಗಿದೆ. ಆಲ್ಫಾ-1ರಲ್ಲಿ ಗ್ಲೈಸಿನ್ ಇರುವ ಒಂದು ಜಾಗದಲ್ಲಿ ಆಲ್ಫಾ-3 ಗ್ಲುಟಾಮಿಕ್ ಆಮ್ಲವನ್ನು ಇಟ್ಟುಕೊಂಡಿದೆ. 1991ರಲ್ಲಿ ಡೋಲನ್ ಪ್ರಿಚೆಟ್ ಮತ್ತು ಸೀಬುರ್ಗ್ ಆಲ್ಫಾ-3ರಲ್ಲಿ ಆ ಗ್ಲುಟಾಮಿಕ್ ಆಮ್ಲವನ್ನು ಗ್ಲೈಸಿನ್ ಮಾಡಿದಾಗ ಇಂಥ ಔಷಧಿಗಳ ಅಂಟು ಹೆಚ್ಚಿತು. ಗ್ಲೈಸಿನ್ ಎಲ್ಲಕ್ಕಿಂತ ಚಿಕ್ಕ ಅಮೈನೋ ಆಮ್ಲ. ಅದಿದ್ದಲ್ಲಿ ಜಾಗ ಹೆಚ್ಚು.

ಇದನ್ನು ಒಂದು ಮಾತ್ರೆಯ ಲೆಕ್ಕದಲ್ಲಿ ನೋಡೋಣ. 10 ಮಿಲಿಗ್ರಾಂ ಜೋಲ್ಪಿಡೆಮ್ ನುಂಗಿದರೆ ರಕ್ತದಲ್ಲಿ ಗರಿಷ್ಠ ಮಟ್ಟ ಒಂದು ಮಿಲಿಲೀಟರಿಗೆ ಸುಮಾರು 120 ನ್ಯಾನೊಗ್ರಾಂ. ಅದರಲ್ಲಿ ಶೇಕಡಾ 92ರಷ್ಟು ರಕ್ತದ ಪ್ರೋಟೀನಿಗೇ ಅಂಟಿಕೊಂಡಿರುತ್ತದೆ, ಮಿದುಳಿಗೆ ದಾಟಲು ಬಿಡುವಿರುವುದು ಉಳಿದ ಎಂಟು ಭಾಗ. ಅಣುತೂಕದಿಂದ ಭಾಗಿಸಿದರೆ ಅದು ಸುಮಾರು 31 ನ್ಯಾನೊಮೋಲಾರ್. ಎಷ್ಟು ಜಾಗ ತುಂಬಿದೆಯೆಂದು ತಿಳಿಯಲು ಈ ಸಂಖ್ಯೆಯನ್ನು, ಇದೇ ಸಂಖ್ಯೆ ಮತ್ತು ಅಂಟಿನ ಸಂಖ್ಯೆ ಕೂಡಿದ ಮೊತ್ತದಿಂದ ಭಾಗಿಸಬೇಕು. ಆಲ್ಫಾ-1ರಲ್ಲಿ 31ನ್ನು 51ರಿಂದ ಭಾಗಿಸಿದರೆ ಶೇಕಡಾ 61 ಬಂತು. ಆಲ್ಫಾ-2ರಲ್ಲಿ 31ನ್ನು 431ರಿಂದ ಭಾಗಿಸಿದರೆ ಶೇಕಡಾ 7 ಮಾತ್ರ. ಬೆನ್ನುಹುರಿಯಲ್ಲೂ ಅಮಿಗ್ಡಲಾದಲ್ಲೂ ಹೇಳಿಕೊಳ್ಳುವಷ್ಟು ಏನೂ ಆಗದಿರುವುದು ಇದರಿಂದ. ಸೊಂಟ ಹಿಡಿತಕ್ಕೆ ಅದನ್ನು ಬರೆಯದಿರುವುದಕ್ಕೆ ಇದೇ ಉತ್ತರ. ಜೀವಂತ ಮಿದುಳಿನ ನಿಜವಾದ ಅಂಕಿಗಳು ಈ ಕಾಗದದ ಲೆಕ್ಕಕ್ಕಿಂತ ಬೇರೆ ಬರಬಹುದು, ಆದರೆ ಎರಡು ಆಲ್ಫಾಗಳ ನಡುವಿನ ಅಂತರ ಇದೇ ದಿಕ್ಕಿನಲ್ಲಿರುತ್ತದೆ.

ಇದೇ ಲೆಕ್ಕವನ್ನು ಚಟಕ್ಕೆ ಬಿದ್ದವರ ಪ್ರಮಾಣಕ್ಕೆ ಹಾಕಿ. ದಿನಕ್ಕೆ ನಾಲ್ಕು ಮಾತ್ರೆ ಒಟ್ಟಿಗೆ ನುಂಗುವವರಲ್ಲಿ ಆಲ್ಫಾ-1 ಶೇಕಡಾ 86ಕ್ಕೆ ಏರುತ್ತದೆ, ಆಲ್ಫಾ-2 ಶೇಕಡಾ 24ಕ್ಕೆ. ಹತ್ತು ಮಾತ್ರೆಯಾದರೆ 94 ಮತ್ತು 44. ಆಲ್ಫಾ-1ರಲ್ಲಿ ತುಂಬಲು ಇನ್ನು ಜಾಗವಿಲ್ಲ, ಹೆಚ್ಚುವರಿ ಔಷಧಿಯೆಲ್ಲ ಹೋಗಿ ಸೇರುವುದು ಉಳಿದವುಗಳಲ್ಲಿ. ದೊಡ್ಡ ಪ್ರಮಾಣದಲ್ಲಿ ಜೋಲ್ಪಿಡೆಮ್ ನುಂಗುವವರು ನಿದ್ದೆಯ ಬದಲು ಹಗಲಿನ ಆತಂಕ ಕಳೆಯಲು, ಮನಸ್ಸಿಗೆ ಹಿತವೆನಿಸಲು ನುಂಗುತ್ತೇವೆನ್ನುವುದು ಈಗ ಅಷ್ಟೇನೂ ವಿಚಿತ್ರವಾಗಿ ಕಾಣದು. ಆ ಪ್ರಮಾಣದಲ್ಲಿ ಅದು ಡಯಾಜೆಪಾಮಿನ ಹತ್ತಿರದ ಸಂಬಂಧಿಯಾಗಿಬಿಟ್ಟಿರುತ್ತದೆ. ಅಂಥವರು ಹಠಾತ್ತನೆ ನಿಲ್ಲಿಸಿದಾಗ ಫಿಟ್ಸ್ ಬಂದ ಪ್ರಕರಣಗಳು ವರದಿಯಾಗಿವೆ. ಆಯ್ಕೆ ಎನ್ನುವುದು ಅಣುವಿನ ಸ್ಥಿರ ಗುಣವಲ್ಲ, ಪ್ರಮಾಣ ಚಿಕ್ಕದಿರುವ ತನಕ ಮಾತ್ರ ಅದಕ್ಕೆ ಅರ್ಥ.

ಜೋಪಿಕ್ಲೋನ್ ವಿಷಯದಲ್ಲಂತೂ ಆಯ್ಕೆಯೇ ಇಲ್ಲವೆನ್ನಬೇಕು. ಅದು ಆಲ್ಫಾ-1, 2, 3, 5 ಎಲ್ಲವನ್ನೂ ಮಾತನಾಡಿಸುತ್ತದೆ. ಅದರ ಸೋದರ ಎಸ್‌ಜೋಪಿಕ್ಲೋನ್ ಕೂಡ ಹಾಗೇ. ನುಂಗಿದ ಮರುದಿನ ಬಾಯಿ ಕಹಿಕಹಿ, ಲೋಹದ ರುಚಿ ಎಂದು ದೂರುವವರು ಇವನ್ನು ನುಂಗಿದವರು. ರಿಸೆಪ್ಟರ್ ಲೆಕ್ಕದಲ್ಲಿ ನೋಡಿದರೆ ಜೋಪಿಕ್ಲೋನ್ ಜೋಲ್ಪಿಡೆಮಿಗಿಂತ ಬೆಂಜೊಡಯಾಜಿಪೈನ್‌ಗಳಿಗೇ ಹತ್ತಿರ. ಜೆಡ್ ಔಷಧಿಗಳು ಎಂಬ ಗುಂಪು ಅಣುಗಳದ್ದಲ್ಲ, ಹೆಸರುಗಳದ್ದು. ನನ್ನ ಅನುಮಾನ, ಈ ಒಂದು ಅಕ್ಷರ ಮಾರಾಟಕ್ಕೆ ಎಷ್ಟು ಸಹಾಯ ಮಾಡಿತೋ ತಿಳಿವಳಿಕೆಗೆ ಅಷ್ಟೇ ಅಡ್ಡಿಯಾಯಿತು.

ಇನ್ನು ನಿದ್ದೆಯ ವಿಷಯ. ಆಲ್ಫಾ-1 ಎಂದರೆ ನಿದ್ದೆ, ಆಲ್ಫಾ-2 ಎಂದರೆ ಆತಂಕ ಎಂದು ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಬರೆದಿರುತ್ತಾರೆ. ಎರಡನೆಯ ಅರ್ಧಕ್ಕೆ ಪುರಾವೆ ಬಲವಾಗಿದೆ. ಮೊದಲ ಅರ್ಧದಲ್ಲಿ ಒಂದು ಜಾರುವಿಕೆ ಇದೆ. ಜ್ಯೂರಿಚ್‌ನ ಯಂತ್ರ ಎಣಿಸಿದ್ದು ಇಲಿಯ ಓಡಾಟವನ್ನು, ನಿದ್ದೆಯನ್ನಲ್ಲ. ಓಡಾಡದೆ ಮಂಕಾಗಿ ಕೂತ ಇಲಿ ನಿದ್ದೆ ಮಾಡುತ್ತಿದೆ ಎನ್ನಲಾಗದು. ಅದೇ ಊರಿನ ನಿದ್ರಾ ಸಂಶೋಧಕಿ ಐರೀನ್ ಟೋಬ್ಲರ್ 2001ರಲ್ಲಿ ಬದಲಾದ ಇಲಿಗಳ ತಲೆಗೆ ತಂತಿಗಳನ್ನು ಜೋಡಿಸಿ, ಡಯಾಜೆಪಾಮ್ ಕೊಟ್ಟು, ನಿದ್ದೆಯಲ್ಲಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಆಲ್ಫಾ-1 ಕಿವುಡಾಗಿದ್ದರೂ ಡಯಾಜೆಪಾಮ್ ಅಲೆಗಳನ್ನು ಎಂದಿನಂತೆಯೇ ಬದಲಿಸಿತು, ಕನಸಿನ ನಿದ್ದೆಯನ್ನು ಎಂದಿನಂತೆಯೇ ಕಡಿಮೆ ಮಾಡಿತು. ಆಲ್ಫಾ-2 ಬದಲಿಸಿದ ಇಲಿಗಳಲ್ಲಿ ಆ ಪರಿಣಾಮಗಳು ತಗ್ಗಿದ್ದು ಆಮೇಲೆ ಕಂಡಿತು. ಡಯಾಜೆಪಾಮ್ ನಮ್ಮನ್ನು ಮಂಕಾಗಿಸುವುದು ಆಲ್ಫಾ-1ರ ಮೂಲಕ, ನಿದ್ದೆಯ ಒಳಹೆಣಿಗೆಯನ್ನು ಕದಲಿಸುವುದು ಬಹುಪಾಲು ಬೇರೆ ಆಲ್ಫಾಗಳ ಮೂಲಕ. ಜೋಲ್ಪಿಡೆಮ್ ಮಾತ್ರ ಎರಡನ್ನೂ ಆಲ್ಫಾ-1ರಿಂದಲೇ ಮಾಡುತ್ತದೆ, ಅದಕ್ಕೆ ಬೇರೆ ದಾರಿಯಿಲ್ಲ.

ಹಳೆಯ ಬೆಂಜೊಡಯಾಜಿಪೈನ್ ನುಂಗಿ ಎಂಟು ಗಂಟೆ ಮಲಗಿಯೂ ನಿದ್ದೆ ತೃಪ್ತಿಯಾಗಲಿಲ್ಲ ಎನ್ನುವವರ ದೂರಿಗೆ ಇಲ್ಲಿ ಸ್ವಲ್ಪ ಆಧಾರ ಸಿಗುತ್ತದೆ. ಆ ಗುಂಪಿನ ಮಾತ್ರೆಗಳು ನಿದ್ದೆಯ ಹೊತ್ತನ್ನು ಹೆಚ್ಚಿಸುತ್ತವೆ, ಆದರೆ ಗಾಢ ನಿದ್ದೆಯ ನಿಧಾನ ಅಲೆಗಳನ್ನು ತಗ್ಗಿಸುತ್ತವೆ. ಗಡಿಯಾರದ ಲೆಕ್ಕದಲ್ಲಿ ನಿದ್ದೆ ಹೆಚ್ಚಿದ್ದರೂ ಅಲೆಗಳ ಲೆಕ್ಕದಲ್ಲಿ ಅದು ತೆಳು.

ರೋಗಿಗೆ ಅನುಭವಕ್ಕೆ ಬರುವ ವ್ಯತ್ಯಾಸಗಳಲ್ಲಿ ಆಲ್ಫಾಗಳಿಗೆ ಸಂಬಂಧವೇ ಇಲ್ಲದ ಒಂದು ದೊಡ್ಡ ಪಾಲಿದೆ. ಅದು ಮಾತ್ರೆ ದೇಹದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎನ್ನುವುದು. ಜೋಲ್ಪಿಡೆಮ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಎರಡೂವರೆ ಗಂಟೆ ಸಾಕು. ಜಾಲೆಪ್ಲಾನ್‌ಗೆ ಒಂದು ಗಂಟೆ. ಡಯಾಜೆಪಾಮಿಗೆ ಒಂದೆರಡು ದಿನ, ಯಕೃತ್ತಿನಲ್ಲಿ ಅದು ಒಡೆದು ಆಗುವ ಇನ್ನೊಂದು ಅಣು ಅದಕ್ಕಿಂತಲೂ ಹೆಚ್ಚು ದಿನ ಉಳಿದು ತಾನೂ ಕೆಲಸ ಮಾಡುತ್ತದೆ. ಹೀಗಾಗಿ ಮಧ್ಯವಯಸ್ಕರಿಗೆ ಒಂದು ರಾತ್ರಿಗೆಂದು ಕೊಟ್ಟ ಡಯಾಜೆಪಾಮ್ ಮರುದಿನ ಮಧ್ಯಾಹ್ನದ ಸಭೆಯಲ್ಲೂ ಹಾಜರಿರುತ್ತದೆ. ಜೋಲ್ಪಿಡೆಮ್ ನುಂಗಿದವರು ಬೆಳಿಗ್ಗೆ ಹಗುರವಾಗಿ ಎದ್ದರೆ ಅದಕ್ಕೆ ಆಲ್ಫಾ-1ರ ಮೇಲಿನ ಒಲವಿಗಿಂತ ಈ ಎರಡೂವರೆ ಗಂಟೆ ಹೆಚ್ಚು ಕಾರಣ.

ಆದರೂ ಎಲ್ಲರೂ ಹಗುರವಾಗಿ ಏಳುವುದಿಲ್ಲ. ಹೆಂಗಸರ ದೇಹ ಜೋಲ್ಪಿಡೆಮನ್ನು ಗಂಡಸರಿಗಿಂತ ನಿಧಾನವಾಗಿ ಹೊರಹಾಕುತ್ತದೆ. ವಾಹನ ಓಡಿಸಲು ಅಪಾಯವೆನಿಸುವ ಮಟ್ಟ ಒಂದು ಮಿಲಿಲೀಟರಿಗೆ 50 ನ್ಯಾನೊಗ್ರಾಂ ಎಂದಿಟ್ಟುಕೊಂಡರೆ, 10 ಮಿಲಿಗ್ರಾಂ ನುಂಗಿ ಎಂಟು ಗಂಟೆ ಕಳೆದ ಮೇಲೂ ಶೇಕಡಾ 15ರಷ್ಟು ಹೆಂಗಸರ ರಕ್ತದಲ್ಲಿ ಅದಕ್ಕಿಂತ ಹೆಚ್ಚು ಔಷಧಿಯಿತ್ತು. ಗಂಡಸರಲ್ಲಿ ಹಾಗಿದ್ದದ್ದು ಶೇಕಡಾ 3. ಇದನ್ನು ನೋಡಿಯೇ 2013ರ ಜನವರಿಯಲ್ಲಿ ಅಮೆರಿಕದ ಔಷಧ ಇಲಾಖೆ ಹೆಂಗಸರ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿತು. ಮಾರುಕಟ್ಟೆಗೆ ಬಂದು ಇಪ್ಪತ್ತು ವರ್ಷವಾದ ಮೇಲೆ! 2019ರಲ್ಲಿ ಅದೇ ಇಲಾಖೆ ಜೋಲ್ಪಿಡೆಮ್, ಜಾಲೆಪ್ಲಾನ್, ಎಸ್‌ಜೋಪಿಕ್ಲೋನ್ ಪೊಟ್ಟಣಗಳ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ನಿದ್ದೆಯಲ್ಲೇ ಎದ್ದು ನಡೆಯುವುದು, ಅಡುಗೆಗೆ ಒಲೆ ಹಚ್ಚುವುದು, ಕಾರು ಓಡಿಸುವುದು, ಬೆಳಿಗ್ಗೆ ಏನೂ ನೆನಪಿಲ್ಲದಿರುವುದು. ಒಮ್ಮೆ ಹೀಗಾದವರಿಗೆ ಆ ಮಾತ್ರೆಯನ್ನು ಮತ್ತೆ ಕೊಡಕೂಡದು.

ಸ್ನಾಯು ಸಡಿಲವಾಗದ ಮಾತ್ರೆ, ಹಾಗಾಗಿ ವಯಸ್ಸಾದವರಿಗೆ ಬಿದ್ದುಬಿಡುವ ಭಯವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೀಳುವುದಕ್ಕೆ ಸ್ನಾಯು ಸಡಿಲವಾಗಲೇಬೇಕೆಂದಿಲ್ಲ. ಸಮತೋಲ ಕಾಯುವ ಕಿರುಮಿದುಳು ತುಂಬಾ ಇರುವುದು ಆಲ್ಫಾ-1. ಜೋಲ್ಪಿಡೆಮ್ ನುಂಗಿದ ಅಜ್ಜಿ ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಎದ್ದರೆ, ಕಾಲಿನಲ್ಲಿ ಬಲವಿದ್ದರೂ ಕತ್ತಲೆಯಲ್ಲಿ ಹೆಜ್ಜೆಯ ಹಿಡಿತವಿರುವುದಿಲ್ಲ. ಸೊಂಟದ ಮೂಳೆ ಮುರಿದು ಬರುವ ಹಿರಿಯರ ಔಷಧಿ ಚೀಟಿಯನ್ನು ವೈದ್ಯರು ತಿರುಗಿಸಿ ನೋಡುವುದು ಇದಕ್ಕೇ.

ಚಟದ ವಿಷಯದಲ್ಲಿ ಆಲ್ಫಾ-1 ಹೆಚ್ಚು ನಿರಾಸೆ ತಂದಿತು. ಆಲ್ಫಾ-1ನ್ನೇ ಆರಿಸುವ ಔಷಧಿ ಚಟ ಹಿಡಿಸುವುದಿಲ್ಲ ಎಂಬ ನಿರೀಕ್ಷೆ ಜೋಲ್ಪಿಡೆಮ್ ಬಂದಾಗ ಇತ್ತು. 2010ರಲ್ಲಿ ಜಿನೀವಾದ ಕ್ರಿಶ್ಚಿಯನ್ ಲ್ಯೂಷರ್ ಅವರ ತಂಡ ಇದನ್ನು ಅದೇ ಬದಲಾದ ಇಲಿಗಳಲ್ಲಿ ಪರೀಕ್ಷಿಸಿತು. ನಡುಮಿದುಳಿನ ಸುಖದ ಕೇಂದ್ರದಲ್ಲಿ ಡೋಪಮಿನ್ ಕೋಶಗಳ ಬಾಯಿ ಮುಚ್ಚಿಸುವ ಕಾವಲು ಕೋಶಗಳಿವೆ. ಆ ಕಾವಲು ಕೋಶಗಳ ಮೇಲಿರುವುದು ಆಲ್ಫಾ-1. ಬೆಂಜೊಡಯಾಜಿಪೈನ್ ಅಲ್ಲಿ ಗಾಬಾವನ್ನು ಬಲಪಡಿಸಿದರೆ ಕಾವಲು ಕೋಶ ಸುಮ್ಮನಾಗುತ್ತದೆ, ಡೋಪಮಿನ್ ಕೋಶಗಳಿಗೆ ತಡೆ ಇಲ್ಲವಾಗುತ್ತದೆ. ಸಾಮಾನ್ಯ ಇಲಿಗಳು ಮಿಡಜೋಲಾಮ್ ಬೆರೆಸಿದ ಸಕ್ಕರೆ ನೀರನ್ನು ಆರಿಸಿ ಕುಡಿದವು, ಆಲ್ಫಾ-1 ಬದಲಾದ ಇಲಿಗಳಿಗೆ ಅದರ ಮೇಲೆ ಆಸೆಯೇ ಹುಟ್ಟಲಿಲ್ಲ. ಅಂದರೆ ಜೋಲ್ಪಿಡೆಮ್ ಆರಿಸಿಕೊಂಡ ಆಲ್ಫಾವೇ ಚಟದ ಬಾಗಿಲೂ ಹೌದು. ಭಾರತದಲ್ಲಿ ಆಲ್ಪ್ರಾಜೋಲಾಮ್, ಡಯಾಜೆಪಾಮ್ ಜೊತೆಗೆ ಜೋಲ್ಪಿಡೆಮನ್ನೂ ಶೆಡ್ಯೂಲ್ ಎಚ್‌1 ಪಟ್ಟಿಗೆ ಸೇರಿಸಿ, ಯಾರಿಗೆ ಎಷ್ಟು ಕೊಟ್ಟಿರಿ ಎಂದು ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕೆಂದು ನಿಯಮ ಮಾಡಿರುವುದು ಸರಿಯಾಗಿಯೇ ಇದೆ. ವಾರಗಟ್ಟಲೆ ನುಂಗಿದವರು ಈ ಯಾವ ಮಾತ್ರೆಯನ್ನೂ ತಾವಾಗಿ ಒಂದೇ ದಿನಕ್ಕೆ ನಿಲ್ಲಿಸಬಾರದು, ವೈದ್ಯರ ಲೆಕ್ಕದಲ್ಲಿ ಹಂತಹಂತವಾಗಿ ಇಳಿಸಬೇಕು. ಮದ್ಯದ ಜೊತೆ, ಅಫೀಮು ಜಾತಿಯ ನೋವು ನಿವಾರಕಗಳ ಜೊತೆ ಸೇರಿದರೆ ಉಸಿರಾಟಕ್ಕೇ ಕುತ್ತು.

ಜ್ಯೂರಿಚ್ ಇಲಿಗಳನ್ನು ನೋಡಿ ಔಷಧ ಕಂಪನಿಗಳು ಇನ್ನೊಂದು ದಿಕ್ಕಿನಲ್ಲೂ ಓಡಿದವು. ಆಲ್ಫಾ-1ನ್ನು ಬಿಟ್ಟು ಆಲ್ಫಾ-2, 3ನ್ನು ಮಾತ್ರ ಪ್ರಚೋದಿಸಿದರೆ ಮಂಪರಿಲ್ಲದೆ ಆತಂಕ ಕಳೆಯಬಹುದಲ್ಲ? ಮೆರ್ಕ್ ಕಂಪನಿಯ ರಸಾಯನಶಾಸ್ತ್ರಜ್ಞರು ಇದಕ್ಕೆ ಜಾಣ ದಾರಿ ಹಿಡಿದರು. ಎಲ್ಲ ಆಲ್ಫಾಗಳಿಗೂ ಸಮಾನವಾಗಿ ಅಂಟುವ, ಆದರೆ ಆಲ್ಫಾ-1ರಲ್ಲಿ ಕೂತು ಏನನ್ನೂ ಮಾಡದ ಅಣುಗಳನ್ನು ಅವರು ಹುಡುಕಿದರು. ಜೋಲ್ಪಿಡೆಮಿನದು ಅಂಟಿನ ಆಯ್ಕೆಯಾದರೆ ಇವುಗಳದ್ದು ಕೆಲಸದ ಆಯ್ಕೆ. ಹಾಗೆ ಸಿಕ್ಕವುಗಳಲ್ಲಿ ಒಂದು ಎಂಆರ್‌ಕೆ-409. ಅದು ಆಲ್ಫಾ-1ರಲ್ಲಿ ಪೂರ್ತಿ ಸುಮ್ಮನಿರದೆ ಅತ್ಯಲ್ಪ ಕೆಲಸ ಮಾಡುತ್ತಿತ್ತು. ಇಲಿಗಳಲ್ಲೂ ಕೋತಿಗಳಲ್ಲೂ ರಿಸೆಪ್ಟರುಗಳನ್ನೆಲ್ಲ ತುಂಬಿಸಿದರೂ ಮಂಪರು ಕಾಣಲಿಲ್ಲ. ಮನುಷ್ಯರಿಗೆ ಕೊಟ್ಟಾಗ ಹತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ ರಿಸೆಪ್ಟರುಗಳು ತುಂಬುವ ಹೊತ್ತಿಗೇ ಅವರು ತೂಕಡಿಸಿದರು. ಟಿಪಿಎ-023 ಎಂಬ ಇನ್ನೊಂದು ಅಣು ಆಲ್ಫಾ-1ರಲ್ಲಿ ನಿಜಕ್ಕೂ ಸುಮ್ಮನಿತ್ತು. ಆತಂಕದ ರೋಗಿಗಳಲ್ಲಿ ಸ್ವಲ್ಪ ಗುಣವೂ ಕಂಡಿತು. ಆದರೆ ಪ್ರಾಣಿಗಳಿಗೆ ದೊಡ್ಡ ಪ್ರಮಾಣದಲ್ಲಿ ದೀರ್ಘಕಾಲ ಕೊಟ್ಟಾಗ ಕಣ್ಣಿನಲ್ಲಿ ಪೊರೆ ಬಂದದ್ದರಿಂದ ಪ್ರಯೋಗವನ್ನು ನಡುವೆಯೇ ಕೈಬಿಟ್ಟರು. ಇಲಿಯಲ್ಲಿ ಅಷ್ಟು ಸ್ಪಷ್ಟವಾಗಿ ಬೇರ್ಪಟ್ಟ ಮಂಪರು ಮತ್ತು ಧೈರ್ಯವನ್ನು ಮನುಷ್ಯರಿಗಾಗಿ ಒಂದು ಮಾತ್ರೆಯಲ್ಲಿ ಬೇರ್ಪಡಿಸಿ, ಔಷಧಿ ಅಂಗಡಿಯ ತನಕ ತರಲು ಆ ಎರಡು ಅಣುಗಳಿಗೂ ಆಗಲಿಲ್ಲ. ಆತಂಕಕ್ಕೆ ವೈದ್ಯರು ಇವತ್ತಿಗೂ ಆಲ್ಪ್ರಾಜೋಲಾಮ್, ಕ್ಲೋನಾಜೆಪಾಮ್‌ಗಳನ್ನೇ ಬರೆಯುತ್ತಿದ್ದಾರೆ, ಗಾಡಿ ಓಡಿಸಬೇಡಿ ಎಂದೂ ಹೇಳಿ ಕಳಿಸುತ್ತಿದ್ದಾರೆ.